ಸಾವಿರ ಹೆಸರು, ಅರ್ಧ ಗಂಟೆ

ಸಹಸ್ರನಾಮಕ್ಕೆ ಕೂತ ದಿನವೇ ಗ್ಯಾಸ್ ಸಿಲಿಂಡರಿನವ ಬರುತ್ತಾನೆ, ಬೀಗರ ಫೋನೂ ಅದೇ ಗಳಿಗೆಗೆ ಬರುತ್ತದೆ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿ ನಿವೃತ್ತನಾದ ಮೇಲೆ ನನಗೆ ಇಂಥ ಪ್ರಸಂಗಗಳಿಗೆ ಬರವಿಲ್ಲ. ಖುಷಿಯಿಂದ ಹೇಳುತ್ತೇನೆ, ಕೇಳಿ.

ಬಸ್ಸಿನಲ್ಲಿ

ಕಮಲಾಪುರದಲ್ಲಿ ನನ್ನ ಅಕ್ಕ ಒಬ್ಬಳೇ ಇದ್ದಾಳೆ. ಅವಳಿಗೆ ಉಬ್ಬಸ. ವಾರಕ್ಕೊಮ್ಮೆ ಕಲಬುರಗಿಯಿಂದ ನೋಡಲು ಹೋಗುತ್ತೇನೆ. ಅಂದಿನ ವಿಷ್ಣು ಸಹಸ್ರನಾಮ ಬಸ್ಸಿನಲ್ಲೇ: ಅರ್ಧ ಹೋಗುವಾಗ, ಅರ್ಧ ಬರುವಾಗ. ಹೀಗೆ ಭಾಗ ಮಾಡಿ ಓದುವುದಕ್ಕೊಂದು ಕ್ರಮವಿದೆ. ಶ್ಲೋಕದ ನಡುವೆ ನಿಲ್ಲಿಸಬಾರದು, ಅದರ ಕೊನೆಗೆ ನಿಲ್ಲಬೇಕು. ಮತ್ತೆ ಶುರು ಮಾಡುವಾಗ ಧ್ಯಾನಶ್ಲೋಕ ಹೇಳಿಕೊಂಡು ಬಿಟ್ಟಲ್ಲಿಂದ ಹಿಡಿಯಬೇಕು. ಫಲಶ್ರುತಿ ಮಾತ್ರ ಎಲ್ಲ ಮುಗಿದ ಮೇಲೆ.

ಒಮ್ಮೆ ಶ್ಲೋಕದ ನಡುವೆ ಕಂಡಕ್ಟರ್ ಬಂದ. ನಾನು ತಡಿ ಎಂದು ಬೆರಳೆತ್ತಿದೆ. ಅವನು ಮುಂದೆ ಹೋದ, ಮತ್ತೊಮ್ಮೆ ಬಂದ. ಆಗಲೂ ಬೆರಳು. ಮೂರನೆಯ ಸಲ ಬಗ್ಗಿ ಕಿವಿಯ ಹತ್ತಿರ ಹೇಳಿದ: "ಸರ, ದೇವ್ರು ಕಾಯ್ತಾನ್ರೀ. ಚೆಕಿಂಗ್‌ನವ್ರು ಬಂದ್ರ ಅವರಿಗಿ ಬೆರಳು ತೋರಿಸ್ರಿ, ನಾ ನೋಡ್ತೀನಿ."

ಓಣಿಯ ಮಂಡಳಿ

ನಮ್ಮ ಓಣಿಯ ಗುಡಿಯಲ್ಲಿ ಶನಿವಾರ ಸಾಮೂಹಿಕ ಪಾರಾಯಣ. ಎಲ್ಲರಿಗೂ ಅವಸರ. ಕಾರ್ಯದರ್ಶಿ ಉಪಾಯ ಹುಡುಕಿದರು: ಶ್ಲೋಕಗಳನ್ನು ಹಂಚಿಕೊಂಡು ಎಲ್ಲರೂ ಒಟ್ಟಿಗೇ ತಮ್ಮ ತಮ್ಮ ಪಾಲು ಓದುವುದು. ಚಹಾ ಆರುವುದರೊಳಗೆ ಸಾವಿರ ಹೆಸರು ಮುಗಿಯಬೇಕು! ಒಬ್ಬೊಬ್ಬರು ತಮ್ಮ ಪಾಲು ಓದಿದರೆ ಯಾರದೂ ಪೂರ್ತಿ ಪಾರಾಯಣವಾಗುವುದಿಲ್ಲ, ಒಬ್ಬರು ಓದುವಾಗ ಉಳಿದವರು ಕೇಳಲಾದರೂ ಬೇಕು ಎಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಹಂಚುವಾಗ ನಿಜವಾದ ಜಗಳ ಹತ್ತಿತು. ನಡುವಿನ ನಾಮಗಳನ್ನು ತೆಗೆದುಕೊಳ್ಳಲು ಯಾರೂ ಇಲ್ಲ. ರೋಗ ಹೋಗುತ್ತದೆ, ಸಂಪತ್ತು ಬರುತ್ತದೆ ಎನ್ನುವ ಕೊನೆಯ ಫಲಶ್ರುತಿಗೆ ಮಾತ್ರ ಎಲ್ಲರದೂ ಕೈ ಮೇಲೆ. ಕಡೆಗೆ ಫಲಶ್ರುತಿಯನ್ನು ಎಲ್ಲರೂ ಕೂಡಿ ದೊಡ್ಡ ದನಿಯಲ್ಲಿ ಓದಿದರು. ಹೆಸರುಗಳನ್ನು ನಾನೂ ಪೂಜಾರಿಯೂ ಓದಿದೆವು.

ಅಕ್ಕನ ಮೂರು ಪಾಲು

ಅಕ್ಕನಿಗೆ ಅರ್ಧ ಗಂಟೆ ಒಂದೇ ಸಮನೆ ಓದಿದರೆ ಉಸಿರು ಹತ್ತುತ್ತದೆ. ನಾನೇ ದಾರಿ ಹೇಳಿಕೊಟ್ಟೆ: ಮುಂಜಾನೆ ಪೂರ್ವಪೀಠಿಕೆ, ಧ್ಯಾನ, ಮತ್ತು ನಾಮಗಳ ಮೊದಲ ಪಾಲು. ಮಧ್ಯಾಹ್ನ ಎರಡನೆಯದು. ಸಂಜೆ ಉಳಿದದ್ದು, ಫಲಶ್ರುತಿ. ಅವಳಿಗೆ ಒಗ್ಗಿತು.

ಅವಳಿಗೆ ಒಗ್ಗದಿದ್ದದ್ದು ಮಗನ ಭೇಟಿ. ಅವನದು ಕಲಬುರಗಿಯ ಸೂಪರ್ ಮಾರ್ಕೆಟ್ ಬಜಾರಿನಲ್ಲಿ ಬಟ್ಟೆ ಅಂಗಡಿ, ಬರುವುದೋ ತಿಂಗಳಿಗೊಮ್ಮೆ. ಬಂದರೂ ಕಾರಿನ ಎಂಜಿನ್ ಆರಿಸುವುದಿಲ್ಲ. ಔಷಧಿ ಇಟ್ಟು, ಕಟ್ಟೆಯ ಮೇಲಿನ ಕೆಂಪು ಬಾಳೆಹಣ್ಣಿನ ಗೊನೆ ಡಿಕ್ಕಿಗೆ ಹಾಕಿಕೊಂಡು ಹೊರಡುವುದು. "ಅವನ ಕೂಡ ಎರಡು ಮಾತಾಡೂದ್ರಾಗ ಗೇರ್ ಹಾಕ್ಯಾನ" ಎನ್ನುತ್ತಿದ್ದಳು.

ಎಂಜಿನ್ ಆರಿದ ದಿನ

ಹೋದ ತಿಂಗಳು ನಾನಿದ್ದಾಗಲೇ ಅವನು ಬಂದ. ಅಕ್ಕ ದೇವರ ಮುಂದೆ ಕೂತಿದ್ದಳು. ಮುಗಿಯುವವರೆಗೆ ಔಷಧಿ ತಗೊಳ್ಳುವುದಿಲ್ಲ, ನೀನೇ ಒಂದೊಂದು ಹೆಸರಿಗೆ ಒಂದೊಂದು ತುಳಸಿ ಎಲೆ ಕೊಡು ಎಂದಳು. ಪಾಪ, ಹೊರಗೆ ಹೋಗಿ ಎಂಜಿನ್ ಆರಿಸಿ ಬಂದು ಕೂತ.

ಕೇಳುತ್ತ ನನಗೆ ಬೆರಗು. ಅವಳು ಶ್ಲೋಕ ಓದುತ್ತಿರಲಿಲ್ಲ, ನಾಮಾವಳಿ ಹಿಡಿದಿದ್ದಳು. ಶ್ಲೋಕದ ಒಂದೇ ಸಾಲಿನಲ್ಲಿ ನಾಲ್ಕಾರು ಹೆಸರು ಹರಿದುಹೋಗುತ್ತವೆ. ನಾಮಾವಳಿಯಲ್ಲಿ ಪ್ರತಿ ಹೆಸರಿಗೂ ಮೊದಲು ಓಂ, ಕೊನೆಗೆ ನಮಃ, ಒಂದು ಎಲೆ. ಅರ್ಧ ಗಂಟೆಯದು ಗಂಟೆ ದಾಟುತ್ತದೆ. ಅದರ ಮೇಲೆ ಹೆಸರು ಹೆಸರಿಗೂ ಅವಳು ಉಸಿರು ತಗೊಳ್ಳುತ್ತಿದ್ದಳು, ಮಗನ ಮುಖ ನೋಡುತ್ತಿದ್ದಳು.

ಅವನು ಗಡಿಯಾರ ನೋಡಿದ, ಎಲೆಯ ಬುಟ್ಟಿ ನೋಡಿದ. ನನ್ನ ಕಡೆ ಬಗ್ಗಿ, ಅವಸರ ಇದ್ದವರಿಗೆ ಏನೂ ಇಲ್ಲೇನು ಮಾಮಾ ಅಂದ. ಫಲಶ್ರುತಿಯಲ್ಲಿ ಪಾರ್ವತಿ ಇದೇ ಕೇಳುತ್ತಾಳೆ, ರಾಮನ ಹೆಸರು ಸಾವಿರಕ್ಕೆ ಸಮ ಅಂತ ಶಿವ ಹೇಳುತ್ತಾನೆ, ಆ ಶ್ಲೋಕವನ್ನು ಮೂರು ಸಲ ಹೇಳುತ್ತಾರೆ ಎಂದು ನನ್ನ ಹಾಳು ಬಾಯಿ ಹೇಳಿಬಿಟ್ಟಿತು.

"ಅವ್ವಾ, ಶಿವನೇ ಹೇಳ್ಯಾನಂತ. ರಾಮ ರಾಮ ಅಂದ್ಬಿಡು, ಟೈಮ್ ಇಲ್ಲ."

ಅಕ್ಕ ಎಲೆ ಹಿಡಿದ ಕೈ ಎತ್ತಿದಳು. "ಅದು ಟೈಮ್ ಇಲ್ಲದವರಿಗಪ್ಪಾ. ನನಗೇನು ಕೆಲಸ ಅದ? ನೀ ಅನ್ನು."

ಅವನು ನಿಂತುಕೊಂಡೇ ಮೂರು ಸಲ ಅಂದ. ಮೂರನೆಯದು ಚಪ್ಪಲಿ ಮೆಟ್ಟುತ್ತ. ಗೊನೆ ಮರೆಯಲಿಲ್ಲ.

ಕಾರಿನ ಸದ್ದು ಹುಮನಾಬಾದ್ ರಸ್ತೆಗೆ ಸೇರಿ ಅಡಗಿತು. ಅಕ್ಕ ಹಿಡಿದಿದ್ದ ಹೆಸರನ್ನು ಪೂರ್ತಿ ಮಾಡಿ, ಎಲೆ ಇಟ್ಟು, ಬುಟ್ಟಿ ಪಕ್ಕಕ್ಕೆ ಸರಿಸಿದಳು.

"ಉಳಿದದ್ದು ಸಂಜಿಗಿ ಶ್ಲೋಕದಾಗ ಓದ್ತೀನಿ, ತಮ್ಮಾ. ಆ ಗುಳಿಗಿ ಕೊಡು. ಈಗ ಎಳದು ಓದಿ ಯಾರನ್ನ ಕೂಡಿಸ್ಕೊಳ್ಳಲಿ?"