ಷಡ್ಜಕ್ಕೆ ಬಾರದ ಹಾಡು

ಹಾಡುವವನಿಗೆ ಕವಿತೆಗಿಂತ ತನ್ನ ಗಂಟಲೇ ಮುಖ್ಯವಾಗಿಬಿಡುವ ಕಾಯಿಲೆಯೊಂದಿದೆ. ಅದು ನನಗೂ ಇದೆ ಎಂದು ತಿಳಿದದ್ದು ಈಚೆಗೆ.

ವರ್ತಕ ನಗರದ ರಾಘಣ್ಣ ಹೋಟೆಲು ನಡೆಸುತ್ತ ಬಿಲ್ಲಿನ ಬೆನ್ನಿಗೆ ಕವಿತೆ ಗೀಚುತ್ತಿದ್ದವರು. ಅವರು ತೀರಿಕೊಂಡ ಮೇಲೆ ಹೆಂಡತಿ ಕುಸುಮಕ್ಕ ಅವರದೊಂದು ಕವಿತೆಯನ್ನು ನನ್ನ ಕೈಗಿಟ್ಟು, “ಶ್ರದ್ಧಾಂಜಲಿ ಸಭೆಯಲ್ಲಿ ನೀವೇ ಹಾಡ್ಬೇಕು” ಎಂದರು. ಮದುವೆಯಾದ ಹೊಸತರಲ್ಲಿ ಬರೆದದ್ದಂತೆ. ಮೂರು ನುಡಿ, ಪ್ರತಿ ನುಡಿಯ ಕೊನೆಗೂ ಒಂದೇ ಪ್ರಶ್ನೆ:

ಕದ ತೆರೆವ ನಿನ್ನ ಮೊಗದ ಬೆಳಕು
ದೀಪದ್ದೋ, ನನಗೆಂದೋ, ಹೇಳೇ?

ನಾನು ಯಮನ್ ರಾಗ ಹಿಡಿದೆ. ಡೊಂಬಿವಲಿ ಲೋಕಲ್‌ನಲ್ಲಿ ಕಂಬ ಹಿಡಿದು ನಿಂತು ಗುನುಗುತ್ತ, ಕಳವಾ ಸ್ಟೇಷನ್ ದಾಟುವಷ್ಟರಲ್ಲಿ ‘ಹೇಳೇ’ಗೆ ಒಂದು ಉದ್ದನೆಯ ತಾನ, ಸ್ವರಗಳ ಸರಮಾಲೆ, ಹೊಳೆಯಿತು. ತಲೆ ಕೊಡವಿ, ಹಾಡು ಬಂದು ತಂಗುವ ‘ಸ’ಕ್ಕೆ, ಷಡ್ಜಕ್ಕೆ ಇಳಿದೆ. ಪಕ್ಕದ ಸೀಟಿನ ಹುಡುಗಿ, “ಕಾಕಾ, ತಬಿಯತ್ ಠೀಕ್ ಹೈ ನಾ?” ಎಂದು ಆರೋಗ್ಯ ವಿಚಾರಿಸಿದಳು.

ಕುಸುಮಕ್ಕನ ಮುಂದೆ ಹಾರ್ಮೋನಿಯಂ ಇಟ್ಟು ಹಾಡಿದೆ. ಪ್ರತಿ ನುಡಿಯೂ ಷಡ್ಜದಲ್ಲಿ ತಣ್ಣಗೆ ಬಂದು ಕುಳಿತಿತು. ರೂಢಿಯಂತೆ ಪಲ್ಲವಿಗೆ ಮರಳಿ ಮುಗಿಸಿದೆ. ಅಕ್ಕ ಕವಿತೆಯ ಹಾಳೆಯನ್ನು ತಮ್ಮತ್ತ ಎಳೆದುಕೊಂಡರು.

“ಚಂದ ಉಂಟು ಮಾರಾಯ್ರೆ. ಆದ್ರೆ ಅವರು ಕೇಳಿದ್ದಲ್ವಾ? ನೀವು ಹಾಡುವಾಗ ಉತ್ತರ ಸಿಕ್ಕಿ ಆದ ಹಾಗೆ ಕೇಳ್ತದೆ.”

“ಹಾಡು ಷಡ್ಜಕ್ಕೆ ಬಂದರೇ ಮುಗಿದಂತೆ, ಅಕ್ಕ.”

“ಮುಗಿಸ್ಲಿಕ್ಕೆ ನೀವು ಯಾರು? ಆಗ ನಾಚಿಕೆಗೆ ನಾನು ಒಳಗೆ ಓಡಿದ್ದೆ. ಮತ್ತೆ ಹೇಳಿಯೇ ಇಲ್ಲ.”

ಮನೆಗೆ ಬಂದವನು ಒಲ್ಲದ ಮನಸ್ಸಿನಿಂದ ತಾನವನ್ನು ಕಿತ್ತುಹಾಕಿದೆ. ಮಾತಿನಲ್ಲಿ ಪ್ರಶ್ನೆ ಕೇಳುವಾಗ ದನಿ ಎಲ್ಲಿ ಏರಿ ನಿಲ್ಲುತ್ತದೋ ಸ್ವರವೂ ಅಲ್ಲೇ ನಿಲ್ಲಲೆಂದು ‘ಹೇಳೇ’ಯನ್ನು ರಿಷಭದಲ್ಲಿ ಬಿಟ್ಟೆ. ಷಡ್ಜ ಒಂದೇ ಮೆಟ್ಟಿಲು ಕೆಳಗಿದೆ, ಕಿವಿ ಅದಕ್ಕಾಗಿ ಕಾಯುತ್ತದೆ, ಕಾಯಲಿ. ಕೊನೆಯ ನುಡಿಯಾದ ಮೇಲೆ ಪಲ್ಲವಿಯೂ ಬೇಡ. ಕೇಳಿದ ಮೇಲೆ ಮತ್ತೆ ಮೊದಲಿನಿಂದ ಶುರುಮಾಡಿದರೆ ಉತ್ತರಕ್ಕೆ ಎಡೆಯೆಲ್ಲಿ?

ಸಭೆಯಲ್ಲಿ ಹಾಗೆಯೇ ಹಾಡಿದೆ. ರಿಷಭ ಸಣ್ಣಗಾಯಿತು. ಹಾರ್ಮೋನಿಯಂ ನಿಲ್ಲಿಸಿದೆ, ತಬಲಾದವರೂ ಕೈ ಎತ್ತಿದರು. ಮುಗಿಯಿತೋ ಇಲ್ಲವೋ ತಿಳಿಯದೆ ಇಡೀ ಹಾಲ್ ಉಸಿರು ಹಿಡಿದಿತ್ತು. ಮುಂದಿನ ಸಾಲಿನಲ್ಲಿ ಕುಸುಮಕ್ಕ ಹಾರ ಹಾಕಿದ ಫೋಟೋ ನೋಡುತ್ತಿದ್ದರು.

“ನಿಮಗೇ” ಎಂದರು, ಮೆಲ್ಲಗೆ.

ಹತ್ತಿರವಿದ್ದ ನನಗಷ್ಟೇ ಕೇಳಿಸಿತು.

ವೇದಿಕೆಯಿಂದ ಇಳಿದು ಬರುತ್ತಲೇ, ಸಭೆ ಏರ್ಪಡಿಸಿದ್ದ ಸಂಘದ ಕಾರ್ಯದರ್ಶಿ ಪಾಟೀಲರು ನನ್ನ ಹೆಗಲ ಮೇಲೆ ಕೈಯಿಟ್ಟರು. “ಕಡೀ ಸಾಲು ಮರ್ತ್ರೇನ್ರೀ ಸರ? ಇರ್ಲಿ ಬಿಡ್ರಿ, ವಯಸ್ಸಾತು. ಮುಂದಿನ ಸಲ ಚೀಟಿ ಇಟ್ಕೊಳ್ರಿ.”

ಕುಸುಮಕ್ಕ ಕಣ್ಣೊರೆಸಿಕೊಳ್ಳುತ್ತಿದ್ದರು. ರಿಷಭದ ವ್ಯಾಖ್ಯಾನ ನಾಲಿಗೆಯ ತುದಿಗೆ ಬಂದಿತ್ತು, ನುಂಗಿದೆ. “ಹೌದ್ರೀ, ಮರೆತೆ” ಎಂದೆ.

ಆದರೆ ಮಾರನೆಯ ದಿನ ಲೋಕಲ್‌ನಲ್ಲಿ, ಕಳವಾ ಬಂದಾಗ ತಡೆಯಲಾಗಲಿಲ್ಲ. ಆ ತಾನವನ್ನು ಪೂರ್ತಿ ಎಳೆದು, ಕಣ್ಣು ಮುಚ್ಚಿ, ಷಡ್ಜದ ಮೇಲೆ ಗಟ್ಟಿಯಾಗಿ ಕುಳಿತುಬಿಟ್ಟೆ. ಕಣ್ಣು ತೆರೆದಾಗ ಅದೇ ಹುಡುಗಿ, ಏನೂ ಕೇಳದೆ, ಕುಳಿತುಕೊಳ್ಳಿ ಎಂದು ತನ್ನ ಸೀಟು ಬಿಟ್ಟುಕೊಟ್ಟಿದ್ದಳು.