ಹಸಿರು ತಂಡದ ಒಂದೇ ಒಂದು ಚಪ್ಪಾಳೆಯ ವಿಷಯವಾಗಿ ಮರದ ಕ್ಲ್ಯಾಪರ್ ಮಹಾಶಯರಿಗೆ

ಶಾಲೆಯ ಆಟದ ಸಾಮಾನಿನ ಕೋಣೆಯಲ್ಲಿ, ಮೂರನೇ ಅಟ್ಟಣಿಗೆಯ ಮೇಲೆ, ಗಾಳಿ ಹೋದ ಎರಡು ಫುಟ್‌ಬಾಲುಗಳ ನಡುವೆ ವಿರಾಜಮಾನರಾಗಿರುವ ಮಾನ್ಯರೇ,

ತಮ್ಮ ಎರಡೂ ಹಲಗೆಗಳಿಗೂ, ಅವನ್ನು ಒಂದುಗೂಡಿಸಿರುವ ತುಕ್ಕು ಹಿಡಿದ ಕೀಲಿಗೂ ಪ್ರತ್ಯೇಕ ಪ್ರತ್ಯೇಕವಾಗಿ ನಮಸ್ಕಾರಗಳು. ತಾವು ಕ್ಷೇಮವೆಂದೂ, ಗೆದ್ದಲು ಇನ್ನೂ ತಮ್ಮ ವಿಳಾಸ ಪತ್ತೆ ಮಾಡಿಲ್ಲವೆಂದೂ ನಂಬಿದ್ದೇನೆ. ನಾನು ಇದೇ ಶಾಲೆಯ ಲೈಬ್ರರಿಯನ್. ವರ್ಷವಿಡೀ ಮಕ್ಕಳಿಗೆ ಬಾಯಿ ಮುಚ್ಚಿಸುವ ಕೆಲಸ ನನ್ನದಾದ್ದರಿಂದ ಅವರು ನನ್ನನ್ನು ‘ಶ್ಶ್ ಮಿಸ್’ ಎಂದು ಕರೆಯುತ್ತಾರೆ. ಬೆನ್ನ ಹಿಂದೆ ಕರೆಯುವುದರಿಂದ ನನಗೆ ಗೊತ್ತಿಲ್ಲವೆಂದು ಅವರ ನಂಬಿಕೆ. ಅದೇ ನಾನು ಹದಿನೇಳು ವರ್ಷಗಳಿಂದ ಕ್ರೀಡಾದಿನಕ್ಕಾಗಿ ನಾಲ್ಕೂ ತಂಡಗಳ ಘೋಷಪದ್ಯಗಳನ್ನು ಬರೆದುಕೊಡುತ್ತಿದ್ದೇನೆ. ಮುನ್ನೂರ ಅರವತ್ತನಾಲ್ಕು ದಿನ ಅದುಮಿಟ್ಟ ಗದ್ದಲವನ್ನು ಒಂದು ದಿನ ಬಡ್ಡಿಸಮೇತ ಹೊರಗೆ ಬಿಡುವುದು ಆರೋಗ್ಯಕ್ಕೆ ಒಳ್ಳೆಯದೆಂದು ನನ್ನ ಅನುಭವ.

ತಾವು ಎರಡು ಹಲಗೆ ಬಡಿದುಕೊಂಡರೆ ನಾಲ್ಕು ಮಕ್ಕಳು ಓಡುತ್ತಾರೆ. ಅಷ್ಟು ಕಡಿಮೆ ಮಾತಿನಲ್ಲಿ ಅಷ್ಟು ಕೆಲಸ ಮಾಡಿಸಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಒಂದೇ ಕೈಯಲ್ಲಿ ಚಪ್ಪಾಳೆಯಾಗದು ಎಂಬ ಗಾದೆ ಹುಟ್ಟಿದ್ದೇ ತಮ್ಮನ್ನು ನೋಡಿ ಇರಬೇಕು. ಆದರೂ ಕಳೆದ ಮಂಗಳವಾರದಿಂದ ನಮ್ಮಿಬ್ಬರ ನಡುವೆ ಒಂದು ಮನಸ್ತಾಪ ಬಂದಿರುವುದರಿಂದ, ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ತಮ್ಮ ಮುಂದೆ ನಗುವುದು ನನ್ನಿಂದಾಗದೆ ಈ ಪತ್ರ ಬರೆದು ನೋಟಿಸ್ ಬೋರ್ಡಿಗೆ ಅಂಟಿಸುತ್ತಿದ್ದೇನೆ.

ಘೋಷಪದ್ಯ ಬರೆಯುವುದೆಂದರೆ ಪ್ರಾಸ ಕೂಡಿಸುವುದೆಂದು ತಾವು ತಿಳಿದಿರಬಹುದು. ಅಲ್ಲ ಸ್ವಾಮಿ. ಪ್ರಾಸ ಕೊನೆಗೆ, ಮೊದಲು ಉಸಿರು. ಮುಂದೆ ನಿಂತ ಒಂದು ಮಗು ಒಂದು ಸಾಲು ಎಸೆಯಬೇಕು, ಹಿಂದಿನ ನೂರು ಮಕ್ಕಳು ಅದನ್ನು ಹಿಡಿದು ಮರುಸಾಲು ಕೂಗಬೇಕು, ಅವರು ಕೂಗುವಷ್ಟರಲ್ಲಿ ಈ ಮಗು ಉಸಿರೆಳೆದುಕೊಳ್ಳಬೇಕು. ಸಾಲು ಒಂದು ಅಕ್ಷರ ಉದ್ದವಾದರೂ ಎರಡನೇ ಸುತ್ತಿಗೇ ಗಂಟಲು ಕೈಕೊಡುತ್ತದೆ. ಮೇಲಾಗಿ ನಮ್ಮ ಮೈದಾನದ ಎದುರಿಗೆ ಪ್ರಯೋಗಾಲಯದ ಎತ್ತರದ ಗೋಡೆಯಿದ್ದು, ಕೂಗಿದ್ದನ್ನೆಲ್ಲ ಅದು ಕ್ಷಣ ತಡೆದು ಹಿಂದಿರುಗಿಸುತ್ತದೆ. ಸಾಲಿನ ಕೊನೆಗೆ ಬಿಡುವು ಕೊಡದಿದ್ದರೆ ತಂಡವು ತನ್ನದೇ ದನಿಯ ಜೊತೆ ಜಗಳಕ್ಕೆ ನಿಲ್ಲುತ್ತದೆ.

ಇನ್ನು ಬಣ್ಣಗಳ ಪಕ್ಷಪಾತ. ಕೆಂಪು ಹುಟ್ಟಾ ಶ್ರೀಮಂತ: ‘ಕೆ’ ಎಂಬ ಗಟ್ಟಿ ಅಕ್ಷರ ಬಾಗಿಲು ಒದ್ದಂತೆ ಹೊರಬರುತ್ತದೆ, ಆದ್ದರಿಂದ ಅವರಿಗೆ ಕಾಲು ಬಡಿಯುವ ಪದ್ಯ ಕೊಟ್ಟೆ.

ಕೆಂಪು ಬಂತು, ದಾರಿ ಬಿಡಿ
ಕೆಂಡ ಬಂತು, ದೂರ ನಡಿ
ಗೆಲ್ಲೋರ್ ಯಾರು? ಕೆಂಪು ಕೆಂಪು
ಢಂ ಢಂ ಢಂ.

ನೀಲಿಯಲ್ಲಿ ಎಳೆಯುವುದಕ್ಕೆ ಬೇಕಾದಷ್ಟು ದೀರ್ಘವಿದೆ. ಮೈದಾನದ ಈ ತುದಿಯಲ್ಲಿ ಕೂಗಿದರೆ ಆ ತುದಿಯ ಸೈಕಲ್ ಸ್ಟ್ಯಾಂಡಿನವರು ತಿರುಗಿ ನೋಡುತ್ತಾರೆ.

ಮೇಲೆ ಯಾರು? ನಾವೇ ನಾವೇ
ಮುಂದೆ ಯಾರು? ನಾವೇ ನಾವೇ
ಬಾನಿನಷ್ಟು, ಅಲೆಯಷ್ಟು
ನೀ... ಲೀ... ನೀ... ಲೀ...

ಹಳದಿಯಲ್ಲಿ ಮೂರೂ ಅಕ್ಷರ ಗಿಡ್ಡ. ಎಳೆಯಲಾಗದ್ದನ್ನು ಓಡಿಸಬೇಕು ಎಂಬುದು ನಮ್ಮ ಕಸುಬಿನ ಸೂತ್ರವಾದ್ದರಿಂದ ಅವರಿಗೆ ಕುದುರೆಯ ನಡಿಗೆ.

ತಡೆದು ನೋಡಿ, ಹಿಡಿದು ನೋಡಿ
ಸಿಗದು ಸಿಗದು ಹಳದಿ ಗಾಡಿ
ಹಳದಿ ಹಳದಿ ಹೊಯ್ ಹೊಯ್
ಹಳದಿ ಹಳದಿ ಹೊಯ್.

ಉಳಿದದ್ದು ಹಸಿರು. ಮಾನ್ಯರೇ, ತಾವೇ ಒಮ್ಮೆ ಕೂಗಿ ನೋಡಿ. ‘ಹ’ದಲ್ಲಿ ಅರ್ಧ ಉಸಿರು ಸೋರಿಹೋಗುತ್ತದೆ, ‘ಸಿ’ಯಲ್ಲಿ ಮಿಕ್ಕರ್ಧ, ‘ರು’ ಎನ್ನುವಷ್ಟರಲ್ಲಿ ತುಟಿ ಮುಚ್ಚಿಕೊಂಡು ದನಿ ಗಲ್ಲದ ಮೇಲೆ ಬಿದ್ದಿರುತ್ತದೆ. ಏಳು ವರ್ಷಗಳಿಂದ ಆ ತಂಡ ಕೊನೆಯ ಸ್ಥಾನದಲ್ಲಿರುವುದಕ್ಕೆ ಅವರ ಕಾಲು ಎಷ್ಟು ಕಾರಣವೋ ಅವರ ಹೆಸರೂ ಅಷ್ಟೇ ಕಾರಣವೆಂದು ನನಗೆ ಅನಿಸಿ, ಈ ವರ್ಷ ಮೂರು ವಾರ ತಲೆ ಕೆಡಿಸಿಕೊಂಡು ಇದನ್ನು ಬರೆದೆ.

ತುಳಿದರೆ ಬಗ್ಗಿ, ಬಿಟ್ಟರೆ ಎದ್ದು
ನಿಲ್ಲುವ ಹುಲ್ಲೇ ನಾವು
ಎಲ್ಲರು ಓಡುವ ಬಯಲಿನ ತುಂಬಾ
ಹಾಸಿದ ನೆಲವೇ ನಾವು
ಹ — ಸಿ — ರು —

ಇಲ್ಲಿ ಎರಡು ಎಣಿಸುವಷ್ಟು ಮೌನ. ಆ ಮೌನದಲ್ಲಿ ನೂರು ಮಕ್ಕಳ ಕೈಗಳು ತಲೆಯ ಮೇಲೇಳುತ್ತವೆ, ಮುಂದಾಳು ಗದ್ದ ಇಳಿಸಿ ಸನ್ನೆ ಕೊಡುತ್ತಾಳೆ, ಮತ್ತು ಒಂದು ಚಪ್ಪಾಳೆ. ಒಂದೇ. ಅಷ್ಟು ಮಕ್ಕಳನ್ನು ಒಟ್ಟಿಗೆ ನಿಲ್ಲಿಸುವುದೇ ಕಪ್ಪೆಗಳನ್ನು ತಕ್ಕಡಿಗೆ ಹಾಕಿದಂತೆ. ಅವರ ಕೈ ಒಟ್ಟಿಗೆ ಬೀಳಿಸುವುದಕ್ಕೆ ಹನ್ನೊಂದು ದಿನ ಊಟದ ಬಿಡುವು ಕಳೆದುಕೊಂಡಿದ್ದೇವೆ. ಹನ್ನೆರಡನೇ ದಿನ ಅದು ಕೂಡಿಬಂದಾಗ ಪ್ರಯೋಗಾಲಯದ ಗೋಡೆ ಕೂಡ ಅದನ್ನು ತುಂಡು ಮಾಡದೆ ಇಡಿಯಾಗಿ ಹಿಂದಿರುಗಿಸಿತು. ನನಗೆ ಕಣ್ಣು ತುಂಬಿತ್ತು, ಧೂಳು ಎಂದೆ.

ಈಗ ಮಂಗಳವಾರಕ್ಕೆ ಬರುತ್ತೇನೆ. ಆರನೇ ತರಗತಿಯ ಹುಡುಗಿಯರ ನೂರು ಮೀಟರ್ ಓಟದ ಮೊದಲ ಸುತ್ತು. ತಂಡಕ್ಕೊಬ್ಬಳಂತೆ ನಾಲ್ವರ ಎರಡು ಗುಂಪು, ಗುಂಪಿಗೆ ಮೊದಲ ಇಬ್ಬರು ಫೈನಲ್‌ಗೆ. ಮೊದಲ ಗುಂಪಿನಲ್ಲಿ ಹಸಿರಿನ ಪರ ನಿಂತವಳು ನನ್ನ ಲೈಬ್ರರಿಯ ಕಿಟಕಿ ಪಕ್ಕದ ಬೆಂಚಿನವಳು. ಪುಸ್ತಕದ ಹಿಂಬದಿಯ ಅಚ್ಚಿನ ವಿವರವನ್ನೂ ಬಿಡದೆ ಓದುವವಳು, ಅದಕ್ಕೇ ಜೊತೆಯವರು ಅವಳಿಗೆ ‘ನಿಧಾನಿ’ ಎಂದು ಹೆಸರಿಟ್ಟಿದ್ದಾರೆ. ಓಟಕ್ಕೆ ಮುಂಚಿನ ತಂಡಗಳ ಪದ್ಯ ನಿಂತ ಮೇಲೆ ‘ಸೆಟ್’ ಎಂದು, ಆಮೇಲೆ ತಮ್ಮನ್ನು ಬಡಿಯುವುದು ಪಿ.ಟಿ. ಸರ್ ಅವರ ಪದ್ಧತಿ. ಹಸಿರಿನವರು ‘ರು’ ಎಂದು ಕೈ ಎತ್ತಿದರು. ಪದ್ಯ ಮುಗಿಯಿತೆಂದು ಸರ್ ‘ಸೆಟ್’ ಎಂದರು. ತಾವು ಬಾಯಿ ತೆರೆಯುವ ಮೊದಲೇ ನೂರು ಜೊತೆ ಕೈಗಳು ಬಿದ್ದವು. ಕೆಂಪು, ನೀಲಿ, ಹಳದಿ ಮೂವರೂ ಬಾಣದಂತೆ ಹೋದರು. ನಿಧಾನಿ ನಿಂತೇ ಇದ್ದಳು.

ಓಡಿದವರನ್ನು ವಾಪಸು ಕರೆದು ಎಚ್ಚರಿಕೆ ಕೊಟ್ಟದ್ದಾಯಿತು. ಆದರೆ ಪದ್ಯಗಳನ್ನು ಎರಡೆರಡು ಸಲ ಹೇಳುವುದು ವಾಡಿಕೆ, ಹಿಂದೆ ಕೂತ ಚಿಕ್ಕ ಮಕ್ಕಳಿಗೆ ಮುಂದಿನ ಗಡಿಬಿಡಿ ಕಾಣಿಸುವುದಿಲ್ಲ. ಅವರು ಪದ್ಯದ ಎರಡನೇ ಸುತ್ತು ಶುರುಮಾಡಿಯೇ ಬಿಟ್ಟರು. ಸರ್ ತಾಳ್ಮೆಯಿಂದ ‘ರು’ವರೆಗೆ ಕಾದು, ಮತ್ತೆ ಅದೇ ಮೌನದಲ್ಲಿ ‘ಸೆಟ್’ ಎಂದರು. ಮತ್ತೆ ಆ ಮೂವರೂ ಓಡಿದರು. ಎರಡು ಸಲ ಮುಂಚೆ ಓಡಿದವರು ಹೊರಗೆ ಎಂಬ ನಿಯಮವನ್ನು ಸರ್ ಅವರೇ ಕೆಂಪು ಶಾಯಿಯಲ್ಲಿ ಬರೆದು ತೂಗುಹಾಕಿದ್ದಾರೆ; ಆ ಲೆಕ್ಕಕ್ಕೆ ಫೈನಲ್‌ಗೆ ಹೋಗಬೇಕಾದವಳು ನಿಧಾನಿ ಒಬ್ಬಳೇ. ನೀನ್ಯಾಕಮ್ಮ ಓಡಲಿಲ್ಲ ಎಂದು ಅವರು ಕೇಳಿದ್ದಕ್ಕೆ ಅವಳು, “ಅದು ನಮ್ ಚಪ್ಪಾಳೆ ಅಲ್ವಾ ಸರ್. ನಿಮ್ದು ಇನ್ನೂ ಬಂದಿರ್ಲಿಲ್ಲ” ಎಂದಳಂತೆ. ಹದಿನೇಳು ವರ್ಷದಲ್ಲಿ ನನ್ನ ಪದ್ಯಕ್ಕೆ ಬಂದ ವಿಮರ್ಶೆ ಅದೊಂದೇ, ಮತ್ತೊಂದು ನನಗೆ ಬೇಕಾಗಿಯೂ ಇಲ್ಲ.

ಆಮೇಲೆ ನಡೆದದ್ದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಕಥೆ. ಸುತ್ತು ರದ್ದಾಯಿತು. ಘೋಷವಿಲ್ಲದೆ ಮತ್ತೆ ಓಡಿಸಿದರು. ಅಳು ಬರುವಂತಾಗಿದ್ದ ಹುಡುಗಿ ಮೂರನೆಯವಳಾಗಿ ಫೈನಲ್‌ನಿಂದ ಹೊರಬಿದ್ದಳು. ಕ್ಲ್ಯಾಪರ್ ಅವರ ಘನತೆಗೆ ಧಕ್ಕೆ ತಂದದ್ದಕ್ಕಾಗಿ ಹಸಿರು ಪದ್ಯದಲ್ಲಿ ಇನ್ನು ಚಪ್ಪಾಳೆ ಕೂಡದೆಂದು ಆಜ್ಞೆಯಾಯಿತು. ಕೆಂಪಿನವರ ಕಾಲಿಗೆ ಅಡ್ಡಿಯಿಲ್ಲ, ನೀಲಿಯವರ ಗಂಟಲಿಗೆ ಅಡ್ಡಿಯಿಲ್ಲ. ಕೂಗಲಾಗುವಂಥ ಹೆಸರೇ ಇಲ್ಲದವರ ಕೈಗೆ ಮಾತ್ರ ಬೇಡಿ. ಅವಳು ಮರುದಿನ ಕಿಟಕಿ ಪಕ್ಕದ ಬೆಂಚಿಗೆ ಬರಲಿಲ್ಲ. ಇದು ನನಗೆ ಸಿಟ್ಟು ತರಿಸಿದೆ, ನೋವೂ ಆಗಿದೆ.

ಆದಕಾರಣ ತಮ್ಮಲ್ಲಿ ಕೆಲವು ಸಣ್ಣ ಬಿನ್ನಹಗಳು. ತಮ್ಮ ದನಿಯನ್ನು ಮಕ್ಕಳ ಅಂಗೈಗಿಂತ ಭಿನ್ನವಾಗಿ ಬದಲಿಸಿಕೊಳ್ಳುವುದು. ಬೇಕಾದರೆ ನಾನೇ ಬೆಳಿಗ್ಗೆ ಸ್ವರ ಅಭ್ಯಾಸ ಮಾಡಿಸುತ್ತೇನೆ. ತಾವು ಮಾತಾಡುವ ಮುನ್ನ ಕೆಮ್ಮಿ ಸೂಚನೆ ಕೊಡುವುದು. ಹಸಿರಿನ ಮಕ್ಕಳ ಎದುರು ಒಮ್ಮೆಯಾದರೂ ಬಾಯಿಬಿಟ್ಟು ಕ್ಷಮೆ ಕೇಳುವುದು. ಬಾಯಿ ತೆರೆಯುವುದು ತಮಗೆ ಕಷ್ಟವಲ್ಲ, ಮುಚ್ಚುವಾಗ ಮಾತ್ರ ಸದ್ದು ಮಾಡಬೇಡಿ. ಇವಾವುವೂ ಆಗದಿದ್ದಲ್ಲಿ, ನಾಲ್ಕು ಗೆರೆಗಳ ಪಕ್ಕದಲ್ಲಿ ಐದನೆಯದೊಂದು ಸುಣ್ಣದ ಗೆರೆ ಎಳೆಸಿ, ನಿಯಮದಂತೆ ನಿಂತ ಹುಡುಗಿಯನ್ನು ನಾಳೆ ಕ್ರೀಡಾದಿನದ ಫೈನಲ್‌ನಲ್ಲಿ ನಿಯಮದಂತೆ ಓಡಲು ಬಿಡುವುದು.

ಚಪ್ಪಾಳೆಯನ್ನು ತೆಗೆದುಹಾಕಿದ ಪದ್ಯವನ್ನು ಅಪ್ಪಣೆಯಂತೆ ನಿನ್ನೆ ಒಪ್ಪಿಸಿದ್ದೇನೆ. ಅದರಲ್ಲಿ ಚಪ್ಪಾಳೆಯಿಲ್ಲ. ಮೌನ ಹಾಗೇ ಇದೆ, ಕೈ ಎತ್ತುವುದೂ ಹಾಗೇ ಇದೆ. ನೂರು ಜೊತೆ ಅಂಗೈಗಳು ರಭಸದಿಂದ ಬಂದು ಒಂದು ಬೆರಳಿನ ಅಂತರದಲ್ಲಿ ನಿಂತುಬಿಡುತ್ತವೆ. ಸದ್ದಿಲ್ಲದ ಘೋಷವಾದ್ದರಿಂದ ಅದರ ಅಭ್ಯಾಸವನ್ನು ಸರದಿಯ ಮೇಲೆ ಲೈಬ್ರರಿಯಲ್ಲೇ ಮಾಡಿಸಿದೆ. ನನ್ನ ಎರಡೂ ಕೆಲಸಗಳು ಒಂದಾದದ್ದು ಅದೇ ಮೊದಲು.

ಸದಾ ತಮ್ಮ ಸದ್ದಿಗೆ ಕಿವಿಗೊಟ್ಟಿರುವ,
ತಮ್ಮ ವಿಶ್ವಾಸಿ,
ಶ್ಶ್ ಮಿಸ್

ಮರೆತಿದ್ದ ಮಾತು: ಪತ್ರ ಅಂಟಿಸಲು ಹೊರಟವಳು ಇವತ್ತಿನ ಕಡೆಯ ತಾಲೀಮು ನೋಡಿ ಬಂದೆ. ಹಲ್ಲುನೋವೆಂದು ಬಾರದ ನೀಲಿ ಓಟಗಾರ್ತಿಯ ಗೆರೆಯಲ್ಲಿ, ಸುಮ್ಮನೆ ಜಾಗ ತುಂಬಲೆಂದು ನಿಧಾನಿಯನ್ನು ನಿಲ್ಲಿಸಿದ್ದರು. ಹಸಿರಿನವರು ‘ರು’ ಎಂದು ಕೈ ಎತ್ತಿದರು. ಎರಡು ಸಲ ಕೈ ಸುಟ್ಟುಕೊಂಡಿದ್ದ ಪಿ.ಟಿ. ಸರ್, ಎತ್ತಿದ ಕೈ ಆಜ್ಞೆ ಮೀರಿ ಬಡಿದೇ ಬಡಿಯುತ್ತದೆ, ಅದು ಆಗಿಹೋಗಲಿ ಎಂದು ತಮ್ಮನ್ನು ಅಗಲಿಸಿ ಹಿಡಿದು ಕಾದರು. ಕೈಗಳು ಬಂದು ನಿಂತವು. ಸದ್ದು ಬರಲಿಲ್ಲ. ಇಡೀ ಮೈದಾನ ಉಸಿರು ಹಿಡಿದು ಕಾಯುತ್ತಿರುವಾಗ, ಆ ಮೌನ ತಡೆಯಲಾರದೆ ತಾವೇ ಬಡಿದುಕೊಂಡಿರಿ, ‘ಸೆಟ್’ ಎನ್ನುವ ಮೊದಲೇ. ಮೂವರು ಓಡಿದರು. ನಿಧಾನಿ ನಿಂತಿದ್ದಳು, “ನೀವಿನ್ನೂ ಸೆಟ್ ಅಂದಿಲ್ಲ ಸರ್” ಎಂದಳು. ಸರ್ ತಮ್ಮ ಎರಡು ಹಲಗೆಗಳನ್ನೂ ಮುಚ್ಚಿ ಹುಲ್ಲಿನ ಮೇಲಿಟ್ಟು, ಸುಣ್ಣದ ಡಬ್ಬಿ ತಂದು ಐದನೇ ಗೆರೆ ಎಳೆದರು. ತಮಗೆ ಇದು ಮೊದಲನೇ ಎಚ್ಚರಿಕೆ. ಇನ್ನೊಂದು ಸಲ ಮುಂಚೆ ಬಡಿದುಕೊಂಡರೆ, ಕೆಂಪು ಶಾಯಿಯ ನಿಯಮದಂತೆ ತಾವು ಹೊರಗೆ.