ಹೆಸರು ಬದಲಿಸಿದ ಬೀಗರು

ನಾಮಾಕ್ಷರದಲ್ಲಿ ನನಗೆ ನಂಬಿಕೆ ಇಲ್ಲ. ಇದು ಮನೆಯವರಿಗೆಲ್ಲ ಗೊತ್ತು. ಅದಕ್ಕೇ ಏನೋ, ಪಂಚಾಂಗ ತೆಗೆದಾಗಲೆಲ್ಲ ನನ್ನನ್ನೇ ಮುಂದೆ ಕೂರಿಸುತ್ತಾರೆ. ಕೂತಾಗಲೆಲ್ಲ ಏನಾದರೊಂದು ನಡೆದೇ ನಡೆಯುತ್ತದೆ.

೧. ಟ

ತಂಗಿಗೆ ಹೆಣ್ಣುಮಗು ಹುಟ್ಟಿತು. ಸರಸ್ವತಿ ನಗರದ ನಮ್ಮ ಮನೆಗೆ ಪುರೋಹಿತರು ಬಂದರು. ಚಂದ್ರ ಒಂದು ನಕ್ಷತ್ರ ದಾಟಲು ಹೆಚ್ಚುಕಡಿಮೆ ಒಂದು ದಿನ. ಅದಕ್ಕೆ ನಾಲ್ಕು ಪಾದ, ಪಾದಕ್ಕೊಂದು ಅಕ್ಷರ. ಹುಟ್ಟಿದ ಹೊತ್ತಿನ ಪಾದದ ಅಕ್ಷರದಿಂದಲೇ ಹೆಸರು ಶುರುವಾಗಬೇಕು. ಇಪ್ಪತ್ತೇಳು ನಕ್ಷತ್ರಕ್ಕೆ ನೂರೆಂಟು ಅಕ್ಷರ. ಅಷ್ಟರಲ್ಲಿ ನಮ್ಮ ಪಾಲಿಗೆ ಬಂದದ್ದು ಪುಬ್ಬಾ ಎರಡನೇ ಪಾದದ ಟ.

"ಟ ಇಂದ ಯಾವ ಹೆಸರು ಐತ್ರಿ?" ಅಮ್ಮ ಗಾಬರಿಯಾದಳು.

"ಅಕ್ಷರ ಕೊಡೋದು ನಮ್ಮ ಕೆಲ್ಸ ಅಮ್ಮಾರೆ. ಹೆಸರು ಹುಡುಕೋದು ನಿಮ್ದು."

ತಂಗಿಯ ಗಂಡ ವ್ಯವಹಾರಸ್ಥ. "ಹಿಂದಿನ ಪಾದಕ್ಕೆ ಮೋ ಬರ್ತದಂತಲ್ರಿ. ಸ್ವಲ್ಪ ಹಿಂದಕ್ಕೆ ಹುಟ್ಟಿಸಿಬಿಡ್ರಿ."

"ಒಂದು ಪಾದ ಅಂದ್ರೆ ಆರು ತಾಸು. ಅಷ್ಟು ಹಿಂದಕ್ಕೆ ಹೋದ್ರೆ ನಿಮ್ಮ ಮನೆಯವ್ರು ಇನ್ನೂ ಆಟೋದಾಗೇ ಇರ್ತಾರೆ."

ಕೊನೆಗೆ ಜನ್ಮನಾಮ ಬೇರೆ, ಕರೆಯೋ ಹೆಸರು ಬೇರೆ ಎಂದು ತೀರ್ಮಾನವಾಯಿತು. ಕರೆಯಲು ಸಹನಾ. ಕಿವಿಯಲ್ಲಿ ಮೂರು ಸಲ ಉಸುರಲು ಪುರೋಹಿತರೇ ಹೊಸೆದುಕೊಟ್ಟ ಟಂಕಾರಿಣಿ. ಮೂರನೇ ಸಲಕ್ಕೆ ಮಗು ಕಿರುಚಿ ಅತ್ತಿತು. ಅವತ್ತು ಆ ಮನೆಯಲ್ಲಿ ಬುದ್ಧಿ ಇಟ್ಟುಕೊಂಡು ನಡೆದದ್ದು ಅದೊಂದೇ.

೨. ಒಂದೇ ನಾಡಿ

ಮಗು ದೊಡ್ಡವಳಾದಳು. ಹರಿಹರದಿಂದ ಸಂಬಂಧ ಬಂತು. ಹುಡುಗ ಪ್ರವೀಣ, ಬ್ಯಾಂಕಿನ ನೌಕರ. ಇಬ್ಬರೂ ಒಪ್ಪಿಬಿಟ್ಟರು. "ಆದ್ರೆ ಇವ್ರೇ, ಇಲ್ಲಾಂದ್ರೆ ಯಾರೂ ಬ್ಯಾಡ" ಎಂದು ಸಹನಾ ಘೋಷಿಸಿದಳು. ಇನ್ನು ಸಾಲಾವಳಿ ನೋಡುವುದೊಂದು ಬಾಕಿ.

ಪುರೋಹಿತರು ಹುಡುಗ ಹುಟ್ಟಿದ ಹೊತ್ತು ಕೇಳಿದರು.

"ಹಾಲಿನವ ಬಂದು ಹೋಗಿದ್ದ" ಎಂದರು ಹುಡುಗನ ತಾಯಿ.

"ಬೆಳಗಿನ ಹಾಲೋ, ಸಂಜೆ ಹಾಲೋ?"

"ಅದು ನೆನಪಿಲ್ರಿ."

ಹೊತ್ತಿಲ್ಲದೆ ಹುಡುಗನ ಜನ್ಮನಕ್ಷತ್ರ ನೆಚ್ಚುವಂತಿಲ್ಲ. ಒಬ್ಬರದು ಜನ್ಮನಕ್ಷತ್ರ, ಇನ್ನೊಬ್ಬರದು ಹೆಸರು ಎಂದು ಬೆರೆಸುವಂತೆಯೂ ಇಲ್ಲ. ಇಬ್ಬರದೂ ಕರೆಯೋ ಹೆಸರಿನ ಮೇಲೇ ನೋಡಬೇಕು. ಪ್ರವೀಣನ ಪ ಉತ್ತರಾ ಮೂರನೇ ಪಾದ. ಸಹನಾಳ ಸ ಶತಭಿಷಾ ಎರಡನೇ ಪಾದ. ನಕ್ಷತ್ರಗಳಿಗೆ ಇರುವುದು ಮೂರು ನಾಡಿ: ಆದಿ, ಮಧ್ಯ, ಅಂತ್ಯ. ಗಂಡುಹೆಣ್ಣಿನದು ಒಂದೇ ಆಗಬಾರದು. ಇಬ್ಬರದೂ ಆದಿ.

"ಮಾವ, ನೀನು ಇದನ್ನೆಲ್ಲ ನಂಬಲ್ಲ ಅಲ್ವಾ? ಹೋಗಿ ಹೇಳು!" ಸಹನಾಳ ಕಣ್ಣು ತುಂಬಿತ್ತು.

ಹೋಗಿ ಹೇಳಿದೆ. ಪುರೋಹಿತರು ಗಮನವಿಟ್ಟು ಕೇಳಿದರು, ಕಾಫಿ ಕೊಡಿಸಿದರು. ನಾಡಿ ಇದ್ದಲ್ಲೇ ಇತ್ತು. "ಹುಡುಗಿ ಹೆಸರು ಬದಲಿಸ್ರಿ, ರೂಢಿ ಐತೆ. ನ ಇಂದ ಇಡ್ರಿ. ಅನುರಾಧಾ ಒಂದನೇ ಪಾದ, ಮಧ್ಯ ನಾಡಿ."

ಸಂಜೆಯೊಳಗೆ ಅವಳು ನಯನಾ ಆದಳು. ಅಭ್ಯಾಸಬಲದಿಂದ "ಸಹನಾ" ಎಂದು ಕೂಗಿದೆ. ಅಮ್ಮ ಓಡಿಬಂದು ನನ್ನ ಬಾಯಿ ಮುಚ್ಚಿದಳು. "ಕಟ್ಟಿದ ಸಂಬಂಧ ಮುರೀತೀಯೇನೋ!"

೩. ಮರ್ಯಾದೆಯ ಜನ

ಬೀಗರಿಗೆ ಇದನ್ನು ಎದುರಿಗೇ ಹೇಳೋಣವೆಂದು ಕಾದೆವು. ಅವರು ಬೆಣ್ಣೆಬಿಸ್ಕತ್ತಿನ ಪೊಟ್ಟಣ ಹಿಡಿದು ನಗುತ್ತ ಬಂದರು. ನಾವು ಬಾಯಿ ತೆರೆಯುವ ಮೊದಲೇ ಹುಡುಗನ ತಂದೆ ಶುರುಮಾಡಿದರು.

"ನಾಡಿ ಕೂಡಲಿಲ್ಲಂತ ಹೆಣ್ಣುಮಗಳ ಹೆಸರು ಯಾಕ ಬದಲಿಸಬೇಕು? ನಮ್ಮ ಹುಡುಗಂದೇ ಬದಲಿಸೀವ್ರಿ. ಇನ್ಮೇಲೆ ಅವ ರಘು. ರ ಅಂದ್ರೆ ಚಿತ್ತಾ ಮೂರನೇ ಪಾದ, ಮಧ್ಯ ನಾಡಿ. ನಿಮ್ಮ ಸಹನಾಗೆ ಬರೋಬ್ಬರಿ ಕೂಡ್ತದೆ!"

"ಸಹನಾ ಈಗ ಇಲ್ರಿ" ಎಂದ ತಂಗಿಯ ಗಂಡ. ಬೀಗಿತ್ತಿ ಎದೆ ಹಿಡಿದುಕೊಂಡರು.

ವಿಷಯ ಬಿಡಿಸಿ ಹೇಳಿದ್ದಾಯಿತು. ಈಗ ಇಬ್ಬರದೂ ಮಧ್ಯ ನಾಡಿ.

"ನಾವೇ ಹಳೇ ಹೆಸರಿಗೆ ಹೋಗ್ತೀವಿ ಬಿಡ್ರಿ" ಎಂದ ತಂಗಿಯ ಗಂಡ.

"ಛೆ ಛೆ, ನೀವ್ಯಾಕ, ನಾವು ಹೋಗ್ತೀವಿ."

ಇಬ್ಬರೂ ಒಳ್ಳೆಯವರು. ಇಬ್ಬರೂ ಹೋದರು. ಮರುದಿನ ಫೋನಿನಲ್ಲಿ ವಿಚಾರಿಸಿದಾಗ ಇಬ್ಬರೂ ಮತ್ತೆ ಆದಿ ನಾಡಿಯಲ್ಲಿದ್ದರು.

ಸಹನಾ ಫೋನು ಕಿತ್ತುಕೊಂಡು ನೇರ ಹುಡುಗನಿಗೇ ಮಾಡಿದಳು. "ನೋಡ್ರಿ, ನಾನು ನಯನಾ ಆಗ್ತೀನಿ. ನೀವು ಪ್ರವೀಣ ಆಗಿ ಕೂತಲ್ಲೇ ಕೂಡ್ರಿ. ನಿಮ್ಮ ಅಪ್ಪಾಜಿ ಏನೇ ಮರ್ಯಾದೆ ತೋರಿಸಿದ್ರೂ ಅಲ್ಲಾಡಬ್ಯಾಡ್ರಿ!"

ನಮ್ಮ ವಂಶದಲ್ಲಿ ಇಷ್ಟು ಸ್ಪಷ್ಟವಾದ ಲಗ್ನಪತ್ರಿಕೆ ಇನ್ನೊಂದಿಲ್ಲ.

೪. ಹೆಸರು ಹೇಳುವ ಶಾಸ್ತ್ರ

ಹರಿಹರದಲ್ಲಿ ಮದುವೆ. ಕೊರಳಿಗೆ ತಾಳಿ ಬಿತ್ತು. ಎಲ್ಲರಿಗೂ ಉಸಿರು ಬಂತು. ಗಂಡನ ಮನೆಯವರು ಸೊಸೆಯನ್ನು ಮನೆ ತುಂಬಿಸಿಕೊಳ್ಳುವಾಗ ಹೆಂಗಸರು ಬಾಗಿಲಿಗೆ ಅಡ್ಡ ನಿಂತರು.

"ಗಂಡನ ಹೆಸರು ಹೇಳವ್ವಾ, ಆಮೇಲೆ ಒಳಗೆ ಬಿಡ್ತೀವಿ!"

ನಾಚಿಕೆಯ ಹುಡುಗಿಯಲ್ಲ ಅವಳು. ಬಾಯಿ ತೆರೆದಳು. ಯಾಕೋ ಅನುಮಾನ ಬಂತು, ನಿಲ್ಲಿಸಿದಳು. ವರನ ಕಡೆ ತಿರುಗಿ, ಇಡೀ ಬೀದಿಗೆ ಕೇಳುವಂತೆ ಕೇಳಿದಳು:

"ಇನ್ನೂ ಪ್ರವೀಣನೇ ಅಲ್ವೇನ್ರಿ?"

ವರ ಅಪ್ಪಾಜಿಯ ಮುಖ ನೋಡಿದ.